ಹೋಳಿಗೆ ದುಡ್ಡು ಹಂಚುವ ಮುಂಚೆ ಉದ್ರಿ ಪುಸ್ತಕ ನೋಡಿ

ಲಗ್ಗೆರೆಯಲ್ಲಿ ನಮ್ಮದು ಹತ್ತು ಜನರ ಸ್ತ್ರೀಶಕ್ತಿ ಸಂಘ. ಯುಗಾದಿಗೆ ಹೋಳಿಗೆ ಆರ್ಡರ್ ಹಿಡಿದೆವು. 4,000 ಹೋಳಿಗೆ, ಒಂದಕ್ಕೆ 12 ರೂಪಾಯಿ, ಒಟ್ಟು 48,000. ಯಶವಂತಪುರ ಯಾರ್ಡಿನಿಂದ ತಂದ ಬೇಳೆ, ಬೆಲ್ಲ, ಮೈದಾ, ಎಣ್ಣೆ, ಗ್ಯಾಸು ಎಲ್ಲಾ ಸೇರಿ 26,000. ಉಳಿದ 22,000 ಲಾಭ ಅಂದುಕೊಂಡು, ತಲೆಗೆ 2,200 ಹಂಚಿಬಿಟ್ಟೆವು. ಅವತ್ತು ಎಲ್ಲರಿಗೂ ಖುಷಿಯೋ ಖುಷಿ.

ನಿಜವಾಗಿ ಕೈಯಲ್ಲಿದ್ದದ್ದು 13,000 ಮಾತ್ರ. ಒಬ್ಬ ಅಡುಗೆ ಕಂಟ್ರಾಕ್ಟರು 9,000 ಉದ್ರಿ ಹೇಳಿದ್ದರು. ಹಬ್ಬ ಅಲ್ವಾ, ಕೊಡ್ತಾರೆ ಬಿಡಿ ಅಂತ ಆ ಕೊರತೆಯನ್ನು ಸಂಘದ ಉಳಿತಾಯ ಖಾತೆಯಿಂದ ತುಂಬಿದೆವು. ಚೆಕ್ಕಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಅದು ವಾರವಾರ ಒಬ್ಬೊಬ್ಬರ ಪಾಸ್‌ಬುಕ್ಕಿಗೆ ಬರೆದುಕೊಂಡ ದುಡ್ಡು, ವ್ಯಾಪಾರದ ದುಡ್ಡಲ್ಲ. ಆ ಯೋಚನೆ ಆಗ ಬರಲೇ ಇಲ್ಲ.

ಜಗಳ ಶುರುವಾಗಿದ್ದು ಇನ್ನೊಂದು ಕಡೆಯಿಂದ. ಒಬ್ಬಳು 900 ಹೋಳಿಗೆ ತಟ್ಟಿದ್ದಳು, ಇನ್ನೊಬ್ಬಳು ಬರೀ 100. ಇಬ್ಬರಿಗೂ ಅದೇ 2,200. ಮುಂದಿನ ಆರ್ಡರಿಗೆ ಆ ಮೊದಲನೆಯವಳೂ ತಡಮಾಡಿ ಒಂಬತ್ತು ಗಂಟೆಗೆ ಬಂದಳು. ಬೈಯೋಕೆ ನಮಗೆ ಬಾಯಿ ಎಲ್ಲಿತ್ತು? ಇನ್ನಿಬ್ಬರು ಅದೇ ಗಿರಾಕಿಗಳಿಗೆ ಮನೆಯಿಂದಲೇ ಮಾಡಿ ಕೊಡತೊಡಗಿದರು.

ಈಗ ಅನ್ನಿಸುತ್ತೆ, ಮೊದಲು ಕೂಲಿ ಕೊಡಬೇಕಿತ್ತು, ಆಮೇಲೆ ಲಾಭ ನೋಡಬೇಕಿತ್ತು. ತಟ್ಟಿ ಬೇಯಿಸಿದ್ದಕ್ಕೆ ಹೋಳಿಗೆಗೆ 2 ರೂಪಾಯಿ. ಹೂರಣ, ಕಣಕಕ್ಕೆ ಹೋಳಿಗೆಗೆ 1 ರೂಪಾಯಿ, ಬೆಳಗಿನ ಜಾವ ಬಂದು ರುಬ್ಬಿದವರು ಹಂಚಿಕೊಳ್ಳಲಿ. ಇದನ್ನು ಬೇರೆ ಇಡದಿದ್ದರೆ ಎಲ್ಲರೂ ತಟ್ಟೋಕೇ ಕೂರುತ್ತಾರೆ, ಹೂರಣ ರುಬ್ಬೋಕೆ ಯಾರೂ ಸಿಗಲ್ಲ. ಹೀಗೆ ಮಾಡಿದ್ದರೆ 900 ತಟ್ಟಿದವಳಿಗೆ 1,800, 100 ತಟ್ಟಿದವಳಿಗೆ 200. ಒಟ್ಟು ಕೂಲಿ 12,000. ಕೈಯಲ್ಲಿದ್ದ 13,000ದಲ್ಲಿ ಉಳಿಯುತ್ತಿದ್ದದ್ದು ಒಂದೇ ಸಾವಿರ. ಅಂದರೆ ಅವತ್ತು ಹಂಚೋಕೆ ಲಾಭವೇ ಇರಲಿಲ್ಲ! ಉದ್ರಿ ಪೂರ್ತಿ ಬಂದ ಮೇಲಷ್ಟೇ 10,000 ಆಗುತ್ತಿತ್ತು. ಎಲ್ಲರೂ ಸಮ ಬಂಡವಾಳ ಹಾಕಿದ್ದರಿಂದ ಅದನ್ನು ಮಾತ್ರ ಸಮನಾಗಿ ಹಂಚಬಹುದಿತ್ತು. ಅದೂ ಮುಂದಿನ ಬೇಳೆಗೆ ಸ್ವಲ್ಪ ತೆಗೆದಿಟ್ಟು.

ಈ ದರಗಳನ್ನು ಆರ್ಡರ್ ಹಿಡಿಯುವ ಮುಂಚೆಯೇ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಯಾರು ಎಷ್ಟು ತಟ್ಟಿದರು ಅನ್ನೋದನ್ನು ಅವತ್ತೇ, ಅವರೆದುರಿಗೇ ಬರೆಯಿರಿ. ನಾವು ವಾರ ಬಿಟ್ಟು ನೆನಪಿನಿಂದ ಬರೆದೆವು, ಲೆಕ್ಕ 4,000 ಇರಬೇಕಾದದ್ದು 4,600 ಬಂತು.

ಕಂಟ್ರಾಕ್ಟರು ಕೊನೆಗೆ ಕೊಟ್ಟಿದ್ದು 4,000. ಜೂನಿನಲ್ಲಿ ಒಬ್ಬ ಸದಸ್ಯೆ ಮಗಳ ಶಾಲೆ ಫೀಸಿಗೆ ತನ್ನ ಉಳಿತಾಯ ಕೇಳಿದರು. ಪಾಸ್‌ಬುಕ್ಕಿನಲ್ಲಿ ಮೊತ್ತ ಇತ್ತು, ಖಾತೆಯಲ್ಲಿ ಅಷ್ಟು ಇರಲಿಲ್ಲ. ಸಹಿ ಹಾಕಿದ್ದ ನಾವಿಬ್ಬರು ಕೈಯಿಂದ ಕಟ್ಟಿದೆವು.