500 ಜಿಬಿಯ ಹಳೆಯ ಡಿಸ್ಕಿನಿಂದ 480 ಜಿಬಿಯ ಎಸ್‌ಎಸ್‌ಡಿಗೆ: ನಾನೇ ಮಾಡಿ ನೋಡಿದ ನಾಲ್ಕು ದಾರಿಗಳು

ಕಲಬುರಗಿಯ ನೆಹರೂ ಗಂಜಿನಲ್ಲಿ ನಮ್ಮ ಕಾಕಾ ಅವರದು ತೊಗರಿಯ ಅಡತಿ ಅಂಗಡಿ. ಅಲ್ಲಿನ ಲ್ಯಾಪ್‌ಟಾಪಿನಲ್ಲಿ ವರ್ಷಗಳ ಟ್ಯಾಲಿ ಲೆಕ್ಕ, ನುಡಿಯಲ್ಲಿ ಬೆರಳಚ್ಚಿಸಿದ ಪತ್ರಗಳು ಮತ್ತು ರಸೀದಿ ಮುದ್ರಿಸುವ ಹಳೆಯ ಪ್ರಿಂಟರಿನ ಡ್ರೈವರ್ ಎಲ್ಲವೂ ಒಂದೇ 500 ಜಿಬಿಯ ಹಾರ್ಡ್ ಡಿಸ್ಕಿನಲ್ಲಿದ್ದವು. ಬೆಳಿಗ್ಗೆ ಗುಂಡಿ ಒತ್ತಿದರೆ ಟ್ಯಾಲಿ ತೆರೆದುಕೊಳ್ಳುವಷ್ಟರಲ್ಲಿ ಆರೇಳು ನಿಮಿಷ ಕಳೆಯುತ್ತಿತ್ತು. ಎಸ್‌ಎಸ್‌ಡಿ ಹಾಕೋಣ ಎಂದಾಗ ಕಾಕಾ ಹೇಳಿದ್ದು ಒಂದೇ ಮಾತು: "ಹೊಸಾದು ಏನೂ ಹಾಕಬ್ಯಾಡಪಾ, ಇದ್ದದ್ದು ಇದ್ದಂಗೇ ಬರಬೇಕು." ಹೀಗಾಗಿ ವಿಂಡೋಸನ್ನು ಹೊಸದಾಗಿ ಹಾಕುವ ಯೋಚನೆ ಬಿಟ್ಟು, ಡಿಸ್ಕನ್ನೇ ಕ್ಲೋನ್ ಮಾಡಬೇಕಾಯಿತು.

ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಿಂದ ತಂದ ಎಸ್‌ಎಸ್‌ಡಿ 480 ಜಿಬಿಯದು. ಬಳಕೆಯಲ್ಲಿದ್ದದ್ದು ಸುಮಾರು 210 ಜಿಬಿ ಮಾತ್ರವಾದ್ದರಿಂದ ಜಾಗದ ಚಿಂತೆ ಇರಲಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕ್ಲೋನ್ ಮಾಡುವ ಎಷ್ಟೋ ಸಾಧನಗಳು ನೋಡುವುದು ಒಳಗಿರುವ ಕಡತಗಳ ಗಾತ್ರವನ್ನಲ್ಲ, ಡಿಸ್ಕಿನ ಗಾತ್ರವನ್ನು. ಆ ಲೆಕ್ಕದಲ್ಲಿ ಹೊಸದು ಹಳೆಯದಕ್ಕಿಂತ ಸುಮಾರು 20 ಜಿಬಿ ಚಿಕ್ಕದು. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಈ 20 ಜಿಬಿಯಿಂದಲೇ ಬಂದವು.

ಯಾವ ದಾರಿ ಹಿಡಿಯುವುದಿದ್ದರೂ ಮೊದಲು ಮಾಡಬೇಕಾದ ಕೆಲಸಗಳು ಒಂದೇ. ಟ್ಯಾಲಿಯ ಡೇಟಾ ಫೋಲ್ಡರನ್ನು ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಟ್ಟೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿದೆ; ಕೆಟ್ಟ ಸೆಕ್ಟರುಗಳ ಲೆಕ್ಕ ತೋರಿಸುವ 05 ಮತ್ತು C5 ಸಾಲುಗಳಲ್ಲಿ ಸೊನ್ನೆ ಇದ್ದುದರಿಂದ ಡಿಸ್ಕು ನಿಧಾನವಾಗಿದೆಯೇ ಹೊರತು ಕೆಟ್ಟಿಲ್ಲ ಎಂದು ತಿಳಿಯಿತು. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಮೂರು ಆದೇಶ ಕೊಟ್ಟೆ:

```
manage-bde -status
powercfg /h off
chkdsk C: /f
```

ಮೊದಲನೆಯದು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ಎಂದು ತಿಳಿಸುತ್ತದೆ. ಇದ್ದರೆ ಅದನ್ನು ತೆಗೆದು ಮುಂದುವರಿಯುವುದೇ ಕ್ಷೇಮ. ಎರಡನೆಯದು ಹೈಬರ್ನೇಷನ್ನನ್ನೂ ಅದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ಪನ್ನೂ ನಿಲ್ಲಿಸುತ್ತದೆ. ಫಾಸ್ಟ್ ಸ್ಟಾರ್ಟಪ್ ಇರುವವರೆಗೆ ಶಟ್‌ಡೌನ್ ಮಾಡಿದರೂ ಸಿ ಡ್ರೈವ್ ಪೂರ್ತಿಯಾಗಿ ಮುಚ್ಚಿರುವುದಿಲ್ಲ, ಹೊರಗಿನಿಂದ ಓದುವ ಸಾಧನಗಳು ಅದನ್ನು ಕಂಡು ಹಿಂಜರಿಯುತ್ತವೆ. ಮೂರನೆಯದು ಸಿ ಡ್ರೈವಿನ ಕಡತ ವ್ಯವಸ್ಥೆಯ ದೋಷಗಳನ್ನು ತಿದ್ದುತ್ತದೆ; ಆ ಡ್ರೈವ್ ಬಳಕೆಯಲ್ಲಿರುವುದರಿಂದ `Y` ಒತ್ತಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ನಡೆಯುತ್ತದೆ.

ಮೊದಲು ನೋಡಿದ್ದು ಎಸ್‌ಎಸ್‌ಡಿ ತಯಾರಕರೇ ಉಚಿತವಾಗಿ ಕೊಡುವ ಸಾಧನ. ಇಂಥವು ಸಾಮಾನ್ಯವಾಗಿ ತಮ್ಮದೇ ಕಂಪನಿಯ ಡಿಸ್ಕಿಗೆ ಮಾತ್ರ ಕೆಲಸ ಮಾಡುತ್ತವೆ. ವಿಂಡೋಸ್ ನಡೆಯುತ್ತಿರುವಾಗಲೇ, ಯುಎಸ್‌ಬಿ ಕೇಬಲ್ಲಿಗೆ ಜೋಡಿಸಿದ ಎಸ್‌ಎಸ್‌ಡಿಗೆ, ಎರಡು ಗುಂಡಿ ಒತ್ತುವುದರಲ್ಲಿ ಕೆಲಸ ಶುರುವಾಯಿತು. ಪಾರ್ಟಿಷನ್ನುಗಳನ್ನು ಅದೇ ಕುಗ್ಗಿಸಿಕೊಂಡಿತು, ಮುಕ್ಕಾಲು ಗಂಟೆಯಲ್ಲಿ ಮುಗಿದಿದೆ ಎಂದೂ ತೋರಿಸಿತು. ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪಿನೊಳಗೆ ಕೂರಿಸಿ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ `No bootable device` ಎಂಬ ಒಂದೇ ಸಾಲು. ಕಾಕಾ ಪಕ್ಕದಲ್ಲೇ ನಿಂತಿದ್ದರು, ಅವರ ಮುಖ ನೋಡಿ ನನಗೂ ಆತಂಕವಾಯಿತು.

ಆದರೆ ಕಡತಗಳೆಲ್ಲ ಬಂದಿದ್ದವು. ತಪ್ಪಿದ್ದದ್ದು ಬೂಟ್ ಮಾತ್ರ, ಅದರ ಕಾರಣವನ್ನು ತುಸು ಬಿಡಿಸಿ ಹೇಳಬೇಕು. ಹಳೆಯ ಬಯೋಸ್ ಬದಲು ಯುಇಎಫ್‌ಐ ಇರುವ ಯಂತ್ರ ಡಿಸ್ಕಿನ ಮೊದಲ ಸೆಕ್ಟರಿನಿಂದ ಕುರುಡಾಗಿ ಚಾಲೂ ಆಗುವುದಿಲ್ಲ. ಅದರ ಮದರ್‌ಬೋರ್ಡಿನ ನೆನಪಿನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬ ನಮೂದು ಇರುತ್ತದೆ. ಇಂಥ ಗುರುತಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಇಂಥ ಕಡತವನ್ನು ತೆರೆ ಎಂದು ಅದು ಹೇಳುತ್ತದೆ. ಸುಮಾರು 100 ಎಂಬಿಯ ಆ ಪಾರ್ಟಿಷನ್ನಿನೊಳಗೆ ಬಿಸಿಡಿ ಎಂಬ ಕಡತವಿದ್ದು, ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿದೆ ಎಂಬುದನ್ನು ಮತ್ತೊಂದು ಗುರುತಿನಿಂದ ಸೂಚಿಸುತ್ತದೆ. ಕ್ಲೋನ್ ಮಾಡುವ ಸಾಧನ ಹೊಸ ಪಾರ್ಟಿಷನ್ನುಗಳಿಗೆ ಹೊಸ ಗುರುತು ಕೊಟ್ಟು ಈ ಎರಡು ಸೂಚನೆಗಳನ್ನು ತಿದ್ದದೆ ಬಿಟ್ಟರೆ, ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೇ ಪತ್ರ ಹಾಕಿದಂತಾಗುತ್ತದೆ. ಮೊದಲ ಸೂಚನೆ ತಪ್ಪಿದರೆ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ ಬರುತ್ತದೆ. ಎರಡನೆಯದು ತಪ್ಪಿದರೆ ನೀಲಿ ಪರದೆಯಲ್ಲಿ `0xc000000e` ಅಥವಾ `0xc0000225` ಕಾಣುತ್ತದೆ. ಪರದೆಯಲ್ಲಿ ಬಂದದ್ದನ್ನು ಓದಿದರೆ ಎಲ್ಲಿ ತಪ್ಪಿದೆ ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಎರಡಕ್ಕೂ ಮದ್ದು ಒಂದೇ. ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವನ್ನು ಯುಇಎಫ್‌ಐ ವಿಧಾನದಲ್ಲೇ ಚಾಲೂ ಮಾಡಿ, ಮೊದಲ ಪರದೆಯಲ್ಲಿ `Shift+F10` ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ.

```
diskpart
list volume
select volume 2
assign letter=S
exit
bcdboot C:\Windows /s S: /f UEFI
```

ಇಲ್ಲಿ 2 ಎಂಬುದು ನನ್ನ ಯಂತ್ರದ ಸಂಖ್ಯೆ. `list volume` ಪಟ್ಟಿಯಲ್ಲಿ FAT32 ಎಂದಿರುವ, ಸುಮಾರು 100 ಎಂಬಿಯ ಸಾಲಿನ ಸಂಖ್ಯೆಯನ್ನು ನೋಡಿ ಕೊಡಬೇಕು. ಪೆನ್‌ಡ್ರೈವಿನಿಂದ ಚಾಲೂ ಆದಾಗ ಸಿ ಡ್ರೈವಿಗೆ ಡಿ ಎಂಬ ಅಕ್ಷರ ಬಂದಿರುವುದೂ ಉಂಟು. ಆದ್ದರಿಂದ ಕೊನೆಯ ಸಾಲು ಕೊಡುವ ಮುನ್ನ `dir C:\` ಎಂದು ನೋಡಿ ವಿಂಡೋಸ್ ಫೋಲ್ಡರ್ ಅಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು. `Boot files successfully created.` ಎಂದು ಬಂತು, ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿದಾಗ ಕಾಕಾ ಅವರ ಹಳೆಯ ಡೆಸ್ಕ್‌ಟಾಪ್ ತೆರೆದುಕೊಂಡಿತು.

ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹಳೆಯ ಡಿಸ್ಕು ಹಾಗೇ ಇದ್ದುದರಿಂದ, ಈ ದುರಸ್ತಿಯಿಲ್ಲದೆ ಬೂಟ್ ಆಗುವ ದಾರಿ ಯಾವುದು ಎಂದು ತಿಳಿಯಲು ಎಸ್‌ಎಸ್‌ಡಿಯನ್ನು ಅಳಿಸಿ ಇನ್ನೆರಡು ಬಾರಿ ಕ್ಲೋನ್ ಮಾಡಿದೆ.

ಮ್ಯಾಕ್ರಿಯಂ ರಿಫ್ಲೆಕ್ಟ್ ಕೂಡ ವಿಂಡೋಸ್ ಒಳಗಿನಿಂದಲೇ ಕೆಲಸ ಮಾಡುತ್ತದೆ. ಅದರ ಉಚಿತ ಆವೃತ್ತಿಯನ್ನು 2024ರ ಆರಂಭಕ್ಕೆ ನಿಲ್ಲಿಸಲಾಯಿತು, ಆದರೆ ಹಣ ಕೊಟ್ಟು ಕೊಳ್ಳುವ ಆವೃತ್ತಿಯ 30 ದಿನಗಳ ಪರೀಕ್ಷಾ ಅವಧಿ ನನ್ನ ಒಂದು ಡಿಸ್ಕಿನ ಕೆಲಸಕ್ಕೆ ಧಾರಾಳ ಸಾಕಾಯಿತು. ಇದರ ನಿಜವಾದ ಗುಣ ಪಾರ್ಟಿಷನ್ನುಗಳ ಮೇಲೆ ಕೊಡುವ ಹಿಡಿತದಲ್ಲಿದೆ. ಹಳೆಯ ಡಿಸ್ಕಿನ ಪಾರ್ಟಿಷನ್ನುಗಳನ್ನು ಒಂದೊಂದಾಗಿ ಕೆಳಗಿನ ಹೊಸ ಡಿಸ್ಕಿಗೆ ಎಳೆದು ಬಿಡುತ್ತ, ಸಿ ಡ್ರೈವಿನ ಗಾತ್ರವನ್ನು ಅಲ್ಲೇ ಕಡಿಮೆ ಮಾಡಿ, ಕೊನೆಯಲ್ಲಿ ರಿಕವರಿ ಪಾರ್ಟಿಷನ್ನಿಗೆ ಜಾಗ ಉಳಿಸಬಹುದು. ಹೀಗೆ ಮಾಡುವಾಗ ಹಳೆಯ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ, ನನ್ನ ತೂಕದಲ್ಲಿ ಇದು ಬಹಳ ದೊಡ್ಡ ಅಂಶ. ಐವತ್ತು ನಿಮಿಷಕ್ಕೆ ಕ್ಲೋನ್ ಮುಗಿಯಿತು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಾಗ ಮೊದಲ ಯತ್ನದಲ್ಲೇ ಬೂಟ್ ಆಯಿತು. ಆಗದಿದ್ದಿದ್ದರೂ ಅದರ ರೆಸ್ಕ್ಯೂ ಪೆನ್‌ಡ್ರೈವಿನಲ್ಲಿ ಬೂಟ್ ದೋಷ ಸರಿಪಡಿಸುವ ಆಯ್ಕೆ ಇದೆ. ಮೇಲೆ ಕೈಯಿಂದ ಮಾಡಿದ್ದನ್ನೇ ಅದು ತಾನಾಗಿ ಮಾಡುತ್ತದೆ.

ಕ್ಲೋನ್‌ಝಿಲ್ಲಾ ಉಚಿತ, ಮುಕ್ತ, ಪೆನ್‌ಡ್ರೈವಿನಿಂದಲೇ ನಡೆಯುವಂಥದ್ದು. ಹೊಸ ಡಿಸ್ಕು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹಿಡಿಯುತ್ತೇನೆ, ಏಕೆಂದರೆ ಪಾರ್ಟಿಷನ್ನುಗಳ ಗುರುತುಗಳನ್ನೂ ಇದು ಹಾಗೆಯೇ ಒಯ್ಯುವುದರಿಂದ ಬೂಟ್ ಸೂಚನೆಗಳು ತಪ್ಪುವ ಸಂಭವ ಕಡಿಮೆ. ಆದರೆ ಚಿಕ್ಕ ಡಿಸ್ಕಿಗೆ ಅದು ಸುಮ್ಮನೆ ಒಪ್ಪುವುದಿಲ್ಲ. ಪರಿಣತರ ವಿಧಾನಕ್ಕೆ ಹೋಗಿ `-icds` ಆಯ್ಕೆಯನ್ನು ಗುರುತು ಮಾಡಿದರೆ ಗಾತ್ರದ ತಪಾಸಣೆಯನ್ನು ಬಿಡುತ್ತದೆ. ಅಷ್ಟರಿಂದಲೇ ಕೆಲಸ ಆಗುವುದೂ ಇಲ್ಲ. ನಾನು ಮೊದಲು ಸಿ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 300 ಜಿಬಿಗೆ ಕುಗ್ಗಿಸಿ, ಇನ್ನು ಸಾಕು ಎಂದುಕೊಂಡಿದ್ದೆ. ಆದರೆ ರಿಕವರಿ ಪಾರ್ಟಿಷನ್ನು ಡಿಸ್ಕಿನ ಕಟ್ಟಕಡೆಯಲ್ಲಿ, ಅಂದರೆ ಹೊಸ ಡಿಸ್ಕು ಮುಗಿದ ಮೇಲಿನ ಜಾಗದಲ್ಲಿ ಕುಳಿತೇ ಇತ್ತು. ಹೊಸ ಡಿಸ್ಕಿನಲ್ಲಿ ಆ ವಿಳಾಸವೇ ಇಲ್ಲದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಜಿಪಾರ್ಟೆಡ್‌ನಿಂದ ಆ ಪಾರ್ಟಿಷನ್ನನ್ನು ಎಡಕ್ಕೆ ಸರಿಸಿ, ಎಲ್ಲವೂ 480 ಜಿಬಿಯ ಒಳಗೆ ಬಂದ ಮೇಲೆ ಕ್ಲೋನ್ ಸರಿಯಾಗಿ ಮುಗಿದು ಬೂಟ್ ಕೂಡ ಆಯಿತು.

ಫಲ ಚೆನ್ನಾಗಿದ್ದರೂ, ಚಿಕ್ಕ ಡಿಸ್ಕಿಗೆ ಈ ದಾರಿಯನ್ನು ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳಲಾರೆ. ಮೂಲ ಡಿಸ್ಕಿನ ಪಾರ್ಟಿಷನ್ನನ್ನು ಸರಿಸುತ್ತಿರುವಾಗ ಕರೆಂಟ್ ಹೋದರೆ ಇದ್ದ ಮೂಲವೇ ಕೆಡಬಹುದು. ಬೇಸಿಗೆಯಲ್ಲಿ ನಮ್ಮೂರಲ್ಲಿ ಕರೆಂಟ್ ಹೇಗೆ ಬಂದು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಕಾಕಾ ಅವರ ಲ್ಯಾಪ್‌ಟಾಪಿನ ಬ್ಯಾಟರಿಯಂತೂ ಐದು ನಿಮಿಷವೂ ನಿಲ್ಲುತ್ತಿರಲಿಲ್ಲ.

ನಾಲ್ಕನೆಯ ದಾರಿ ಬೇಕಾದದ್ದು ಬೇರೆ ಡಿಸ್ಕಿಗೆ. ಶಹಾಬಾದಿನ ಗೆಳೆಯನೊಬ್ಬನ ಲ್ಯಾಪ್‌ಟಾಪಿನಲ್ಲಿ C5 ಸಾಲು ಸೊನ್ನೆ ಇರಲಿಲ್ಲ, ಓದಲಾಗದ ಸೆಕ್ಟರುಗಳು ಅಲ್ಲಿ ಕಾದಿದ್ದವು. ಕ್ಲೋನ್ ಶುರುಮಾಡಿದಾಗಲೆಲ್ಲ ಒಂದು ಹಂತಕ್ಕೆ ಬಂದು ಓದುವ ದೋಷದಲ್ಲಿ ನಿಂತುಬಿಡುತ್ತಿತ್ತು. ಇಂಥ ಡಿಸ್ಕಿನ ಮೇಲೆ `chkdsk` ಓಡಿಸಬಾರದು, ಏಕೆಂದರೆ ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ಶ್ರಮ ಕೊಡುತ್ತದೆ. ಇಲ್ಲಿಗೆ ಸರಿಯಾದದ್ದು ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ.

```
ddrescue -f -n /dev/sda /dev/sdb rescue.map
ddrescue -f -d -r3 /dev/sda /dev/sdb rescue.map
```

ಮೊದಲ ಸುತ್ತು ಸುಲಭವಾಗಿ ಓದಬಹುದಾದದ್ದನ್ನೆಲ್ಲ ತೆಗೆದುಕೊಂಡು ಕೆಟ್ಟ ಜಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೆಯದು ಬಿಟ್ಟ ಜಾಗಗಳಿಗೆ ಮರಳಿ ಮೂರು ಸಲ ಯತ್ನಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂಬ ಲೆಕ್ಕ `rescue.map` ಕಡತದಲ್ಲಿ ಉಳಿಯುತ್ತದೆ, ಅದನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ನಡುವೆ ಒಮ್ಮೆ ಕರೆಂಟ್ ಹೋದಾಗ ಅದೇ ಆದೇಶವನ್ನು ಮತ್ತೆ ಕೊಟ್ಟೆ, ನಿಂತಲ್ಲಿಂದಲೇ ಮುಂದುವರಿಯಿತು. ಈ ದಾರಿಯಲ್ಲಿ ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಿರುವಂತಿಲ್ಲ, ಆದ್ದರಿಂದ 1 ಟಿಬಿಯದು ತರಬೇಕಾಯಿತು. ಖಾಲಿ ಜಾಗವನ್ನೂ ಸೇರಿಸಿ ಇಡೀ ಡಿಸ್ಕನ್ನು ಓದುವುದರಿಂದ ಸಮಯವೂ ಹೆಚ್ಚು. `sda` ಯಾವುದು, `sdb` ಯಾವುದು ಎಂದು `lsblk` ಕೊಟ್ಟು ಗಾತ್ರ ನೋಡಿಯೇ ಖಚಿತಪಡಿಸಿಕೊಳ್ಳಬೇಕು, ಅದಲುಬದಲಾದರೆ ಖಾಲಿ ಡಿಸ್ಕು ಹಳೆಯದರ ಮೇಲೆ ಬರೆದುಹೋಗುತ್ತದೆ. `chkdsk` ಅನ್ನು ಕ್ಲೋನ್ ಮುಗಿದ ಮೇಲೆ, ಹೊಸ ಡಿಸ್ಕಿನ ಮೇಲೆ ಓಡಿಸಿದೆ.

ಯಾವ ದಾರಿಯಾದರೂ, ಮೊದಲ ಸಲ ಚಾಲೂ ಮಾಡುವಾಗ ಹಳೆಯ ಡಿಸ್ಕನ್ನು ಬಿಚ್ಚಿ ಹೊರಗಿಡಲೇಬೇಕು. ಎರಡೂ ಜೋಡಿಸಿಕೊಂಡಿದ್ದರೆ ಒಂದೇ ಗುರುತಿನ ಎರಡು ಡಿಸ್ಕು ಕಂಡು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು, ಇಲ್ಲವೇ ಸದ್ದಿಲ್ಲದೆ ಹಳೆಯದರಿಂದಲೇ ಚಾಲೂ ಆಗಿ, ಕೆಲಸ ಎಸ್‌ಎಸ್‌ಡಿಯಲ್ಲೇ ನಡೆದಿದೆ ಎಂದು ನಾವು ಭ್ರಮಿಸುವಂತೆ ಮಾಡಬಹುದು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿ ಡ್ರೈವಿನ ಪಕ್ಕ ಎಸ್‌ಎಸ್‌ಡಿ ಎಂದಿದೆಯೋ ಎಚ್‌ಡಿಡಿ ಎಂದಿದೆಯೋ ನೋಡಿದರೆ ಸಂಶಯ ಉಳಿಯದು. `fsutil behavior query DisableDeleteNotify` ಕೊಟ್ಟಾಗ ಎನ್‌ಟಿಎಫ್‌ಎಸ್ ಸಾಲಿನಲ್ಲಿ 0 ಬಂದರೆ ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ವಿಂಡೋಸಿನಲ್ಲಿ ಚಾಲೂ ಇದೆ ಎಂದರ್ಥ.

ಕಾಕಾ ಅವರ ಯಂತ್ರದಲ್ಲಿ ಕೊನೆಗೆ ಉಳಿಸಿದ್ದು ಮ್ಯಾಕ್ರಿಯಂನಿಂದ ಮಾಡಿದ ಪ್ರತಿಯನ್ನು. ಕ್ಲೋನ್‌ಝಿಲ್ಲಾಕ್ಕಾಗಿ ಮೂಲದ ಪಾರ್ಟಿಷನ್ನನ್ನು ಸರಿಸಬೇಕಿದ್ದುದರಿಂದ, ಆ ಪ್ರಯೋಗವನ್ನು ಕಡೆಗೆ ಇಟ್ಟುಕೊಂಡು, ಅದಕ್ಕೆ ಮುನ್ನವೇ ಮ್ಯಾಕ್ರಿಯಂ ಪ್ರತಿಯ ಇಮೇಜ್ ಒಂದನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಟ್ಟಿದ್ದೆ. ಅದನ್ನೇ ಮರಳಿ ಎಸ್‌ಎಸ್‌ಡಿಗೆ ಇಳಿಸಿದೆ. ಈಗ ಗುಂಡಿ ಒತ್ತಿ ಅರ್ಧ ನಿಮಿಷದೊಳಗೆ ಟ್ಯಾಲಿ ತೆರೆಯುತ್ತದೆ. ಹಳೆಯ ಡಿಸ್ಕಿಗೆ ದಿನಾಂಕ ಬರೆದ ಚೀಟಿ ಅಂಟಿಸಿ ಅಂಗಡಿಯ ತಿಜೋರಿಯಲ್ಲಿ ಇಟ್ಟಿದ್ದೇವೆ. ಈ ವರ್ಷದ ಲೆಕ್ಕ ಮುಗಿಯುವವರೆಗೆ ಅದನ್ನು ಅಳಿಸಬೇಡಿ ಎಂದು ಕಾಕಾ ಅವರಿಗೆ ಹೇಳಿದ್ದೇನೆ.