ಹಲವು ವರ್ಷ ಬಳಸಿದ ಫ್ರಾಸ್ಟ್-ಫ್ರೀ ಫ್ರಿಡ್ಜ್: ಮೇಲೆ ಐಸ್, ಕೆಳಗೆ ಬಿಸಿ ಆದಾಗ

ಈ ಡಬಲ್ ಡೋರ್ ಫ್ರಾಸ್ಟ್-ಫ್ರೀ ಫ್ರಿಡ್ಜನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಶಬ್ದ ಕಡಿಮೆ. ಬಾಗಿಲಿನ ರಬ್ಬರ್ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇಷ್ಟು ಕಾಲದಲ್ಲಿ ಬಂದ ದೊಡ್ಡ ತೊಂದರೆ ಒಂದೇ. ಈ ಬಗೆಯ ಯಾವ ಫ್ರಿಡ್ಜ್‌ಗಾದರೂ ಅದು ಬರಬಹುದು, ಬಂದಾಗ ತಪ್ಪು ರಿಪೇರಿ ಆಗುವ ಸಾಧ್ಯತೆಯೂ ಜಾಸ್ತಿ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಳಗಿನ ಭಾಗದ ತಂಪು ಕಡಿಮೆಯಾಯಿತು. ಸಾಮಾನ್ಯವಾಗಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತಿದ್ದದ್ದು 11ಕ್ಕೆ ಏರಿತು. ಹಾಲು ಬೇಗ ಕೆಡುತ್ತಿತ್ತು. ಆದರೆ ಮೇಲೆ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗೇ ಇತ್ತು. ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು. ಬಂದ ಮೆಕ್ಯಾನಿಕ್ ಬಾಗಿಲು ತೆಗೆದು ಕೈಯಿಟ್ಟು ನೋಡಿ, ಗ್ಯಾಸ್ ಹೋಗಿದೆ, ತುಂಬಿಸಬೇಕು ಅಂದರು. ನಾನು ಒಪ್ಪಲಿಲ್ಲ. ಕಾರಣ ತಿಳಿಯಬೇಕಾದರೆ ಆ ಗ್ಯಾಸ್ ಏನು ಮಾಡುತ್ತದೆ ಅಂತ ನೋಡಬೇಕು.

ಫ್ರಿಡ್ಜ್ ಮಾಡುವ ಕೆಲಸ ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದು. ಈ ಫ್ರಿಡ್ಜ್‌ನಲ್ಲಿರುವುದು ಐಸೊಬ್ಯೂಟೇನ್, ಅಂದರೆ ಫ್ರಿಡ್ಜ್‌ನ ಹಿಂಬದಿಯ ಚೀಟಿಯಲ್ಲಿ ಬರೆದಿರುವ ಆರ್600ಎ. ಹತ್ತಾರು ಗ್ರಾಂ ಇರುತ್ತದೆ, ಅಷ್ಟೇ. ಸಾಮಾನ್ಯ ಒತ್ತಡದಲ್ಲಿ ಇದು ಸುಮಾರು ಮೈನಸ್ 12 ಡಿಗ್ರಿಯಲ್ಲೇ ಕುದಿಯುತ್ತದೆ. ಕಂಪ್ರೆಸರ್ ಒಳಗಿನ ಕಾಯಿಲ್‌ನಿಂದ ಆವಿಯನ್ನು ಎಳೆದುಕೊಳ್ಳುತ್ತಾ ಒತ್ತಡ ಇನ್ನೂ ಇಳಿಸುತ್ತದೆ, ಆಗ ಮೈನಸ್ 25ರ ಹತ್ತಿರವೂ ಕುದಿಯುತ್ತದೆ. ಕುದಿಯಲು ಶಾಖ ಬೇಕಲ್ವಾ? ಅದನ್ನು ಕಾಯಿಲ್ ಸುತ್ತಲಿನ ಗಾಳಿಯಿಂದ ತೆಗೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿ ಮಾಡಿ ಕಂಡೆನ್ಸರ್ ಕೊಳವೆಗೆ ತಳ್ಳುತ್ತದೆ. ನನ್ನ ಫ್ರಿಡ್ಜ್‌ನಲ್ಲಿ ಆ ಕೊಳವೆ ಪಕ್ಕದ ತಗಡಿನ ಹಿಂದೆ ಅಡಗಿದೆ. ಅಲ್ಲಿ ಆವಿ ಕೋಣೆಯ ಗಾಳಿಗೆ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಬಹಳ ಸಣ್ಣ ದಾರಿಯಿರುವ ಕ್ಯಾಪಿಲರಿ ಕೊಳವೆ ದಾಟಿ ಕಡಿಮೆ ಒತ್ತಡಕ್ಕೆ ಬಂದು ಪುನಃ ಕುದಿಯುತ್ತದೆ.

ಅಂದರೆ ಪಕ್ಕದ ತಗಡು ಬೆಚ್ಚಗಿದ್ದರೆ ಅದು ಒಳಗಿನಿಂದ ಬಂದ ಶಾಖ, ಜೊತೆಗೆ ಕಂಪ್ರೆಸರ್ ಬಳಸಿದ ಕರೆಂಟಿನ ಶಾಖ. ಕೆಳಗೆ ತಂಪು ಕಡಿಮೆಯಾದಾಗಲೂ ನನ್ನ ಫ್ರಿಡ್ಜ್‌ನ ಪಕ್ಕ ಬೆಚ್ಚಗೇ ಇತ್ತು. ಗ್ಯಾಸ್ ಪೂರ್ತಿ ಹೋಗಿದ್ದರೆ ಅದು ತಣ್ಣಗಿರುತ್ತಿತ್ತು.

ಪ್ಲಗ್ ಕಿತ್ತು ಫ್ರೀಜರ್‌ನ ಹಿಂದಿನ ಪ್ಯಾನೆಲ್ ಬಿಚ್ಚಿಸಿದೆ. ಕಾಯಿಲ್ ಕಾಣಲೇ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ದಪ್ಪ ಮಂಜುಗಡ್ಡೆ, ರೆಕ್ಕೆಗಳ ನಡುವೆ ಬೆರಳ ತುದಿ ಹೋಗುವಷ್ಟೂ ಜಾಗ ಇಲ್ಲ. ನಿರ್ಣಯ ಇಲ್ಲೇ ಸಿಕ್ಕಿತು. ಗ್ಯಾಸ್ ಸೋರಿದ್ದರೆ ಕ್ಯಾಪಿಲರಿಯಿಂದ ದ್ರವ ಬರುವ ತುದಿಯಲ್ಲಿ ಮಾತ್ರ ಸ್ವಲ್ಪ ಐಸ್, ಉಳಿದದ್ದು ಬರಿದು. ಇಡೀ ಕಾಯಿಲ್‌ಗೆ ಐಸ್ ಹಿಡಿದಿದೆ ಎಂದರೆ ಇಡೀ ಕಾಯಿಲ್ ತಣ್ಣಗಾಗುತ್ತಿದೆ. ಆದರೆ ಫ್ಯಾನಿನ ಗಾಳಿ ಅದರ ಮೂಲಕ ಹಾಯುತ್ತಿಲ್ಲ. ಒಳಗಿನ ಶಾಖ ಕಾಯಿಲ್ ತಲುಪಲು ಆ ಗಾಳಿಯೊಂದೇ ದಾರಿ. ಕೆಳಗಿನ ಭಾಗಕ್ಕೆ ಸಿಗುವುದು ಕೊಳವೆಯಲ್ಲಿ ಇಳಿದು ಬರುವ ಸ್ವಲ್ಪ ಗಾಳಿ, ಅದು ಮೊದಲು ನಿಂತುಹೋಗುತ್ತದೆ. ಕಾಯಿಲ್ ಪಕ್ಕದಲ್ಲೇ ಇರುವ ಫ್ರೀಜರ್ ಇನ್ನೂ ಕೆಲವು ದಿನ ಹೇಗೋ ತಡೆಯುತ್ತದೆ.

ಬಾಗಿಲು ತೆಗೆದಾಗಲೆಲ್ಲ ಒಳಬರುವ ತೇವ ಕಾಯಿಲ್ ಮೇಲೆ ಹೆಪ್ಪುಗಟ್ಟುವುದು ಸಹಜ. ಆಗಾಗ ಕಂಪ್ರೆಸರ್ ನಿಂತು, ಕಾಯಿಲ್ ಕೆಳಗಿನ ಡಿಫ್ರಾಸ್ಟ್ ಹೀಟರ್ ಅದನ್ನು ಕರಗಿಸಬೇಕು. ನೀರು ಕೊಳವೆಯಲ್ಲಿ ಇಳಿದು ಕಂಪ್ರೆಸರ್ ಮೇಲಿನ ತಟ್ಟೆ ಸೇರಿ ಅದರ ಬಿಸಿಗೇ ಆವಿಯಾಗುತ್ತದೆ. ನನ್ನ ತಟ್ಟೆ ಒಣಗಿತ್ತು, ಧೂಳು ಕೂತಿತ್ತು. ಹೀಟರ್ ಕೆಲಸ ಮಾಡದೆ ಬಹಳ ದಿನ ಆಗಿದೆ ಅಂತ ಅದೇ ಹೇಳಿತು. ಐಸ್ ಪೂರ್ತಿ ಕರಗಿಸಿದ ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಮೀಟರ್ ಹಿಡಿದು ನೋಡಿದರು. ಹೀಟರ್ ಚೆನ್ನಾಗಿತ್ತು, ಅದಕ್ಕೆ ಕರೆಂಟ್ ಬಿಡುವ ಬೈಮೆಟಲ್ ಸ್ವಿಚ್ ತಣ್ಣಗಿದ್ದಾಗಲೂ ಕೂಡುತ್ತಿರಲಿಲ್ಲ. ಆ ಸಣ್ಣ ಬಿಡಿಭಾಗ ಬದಲಿಸಿದ ಮೇಲೆ ಕೆಳಗಿನ ಭಾಗ ಮತ್ತೆ 4ಕ್ಕೆ ಬಂತು. ಗ್ಯಾಸ್ ಮುಟ್ಟಲೇ ಇಲ್ಲ.

ಸುಮ್ನೆ ಒಂದು ದಿನ ಆಫ್ ಮಾಡಿ ಬಾಗಿಲು ತೆರೆದಿಟ್ಟರೂ ಐಸ್ ಕರಗಿ ಫ್ರಿಡ್ಜ್ ಸರಿಹೋದಂತೆ ಕಾಣುತ್ತದೆ. ಕೆಲವು ದಿನ ಅಥವಾ ವಾರದಲ್ಲಿ ತೊಂದರೆ ಮರಳಿದರೆ ಮೊದಲು ಡಿಫ್ರಾಸ್ಟ್ ಕಡೆ ನೋಡಿಸಿ.

ಈ ಮಾಡೆಲ್‌ನಲ್ಲಿ ನನಗೆ ಇಷ್ಟವಾಗದ್ದು, ಡಿಫ್ರಾಸ್ಟ್ ಕೆಟ್ಟಿದೆ ಎಂದು ತೋರಿಸುವ ಒಂದು ದೀಪವೂ ಇಲ್ಲದಿರುವುದು. ಹಾಗಾಗಿ ಕೆಳಗಿನ ಮಧ್ಯದ ತಟ್ಟೆಯಲ್ಲಿ ಈಗ ಸದಾ ಒಂದು ಥರ್ಮಾಮೀಟರ್ ಇಟ್ಟಿದ್ದೇನೆ.