ಅಡುಗೆಮನೆ ಕಿಟಕಿಗೆ ನೈಲಾನ್ ಬಲೆಯೋ, ಕಬ್ಬಿಣದ ಜಾಲರಿಯೋ?

ಬಾದಾಮಿಯಲ್ಲಿ ಮಂಗಗಳು ಕಿಟಕಿಯ ಸರಳಿನ ನಡುವೆ ಕೈ ಹಾಕಿ ರೊಟ್ಟಿ ಬುಟ್ಟಿಯನ್ನೇ ಎಳೆಯುತ್ತವೆ. ನೈಲಾನ್ ಬಲೆ ಅಗ್ಗ, ಕಟ್ಟೋದೂ ಸುಲಭ. ಆದರೆ ಮಂಗ ಅದನ್ನು ಹಲ್ಲಿನಿಂದ ಕಡಿದುಬಿಡುತ್ತದೆ. ಬಲೆ ಜೋತುಬಿದ್ದರೆ ಮರಿಯ ಕಾಲು ಸಿಕ್ಕಿಕೊಳ್ಳಬಹುದು. ನನಗೆ ಅದೇ ದೊಡ್ಡ ಚಿಂತೆ.

ವೆಲ್ಡ್ ಮಾಡಿದ ಜಾಲರಿಗೆ ಖರ್ಚು ಜಾಸ್ತಿ, ಆದರೂ ನಾನು ಅದನ್ನೇ ಹಾಕಿಸಿ ಅಂತೀನಿ. ಕಣ್ಣು ಅರ್ಧ ಇಂಚು ಇರಲಿ. 2 ಇಂಚಿನದ್ದಾದರೆ ಕೈ ಒಳಗೆ ಬರುತ್ತದೆ. ಬರೀ ತಂತಿಯಿಂದ ಬಿಗಿದರೆ ಎಳೆದೆಳೆದು ಬಿಚ್ಚುತ್ತವೆ, ಅದಕ್ಕೆ ಚೌಕಟ್ಟು ಮಾಡಿಸಿ ಸ್ಕ್ರೂ ಹಾಕಿಸಿ. ಮೂಲೆ ಅಲುಗಾಡಿದರೆ ಕೂಡಲೇ ಬಿಗಿ ಮಾಡಿ.

ಮಾಳಿಗೆ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣಗಿಸಲು ಅದೇ ಜಾಲರಿಯ ಪೆಟ್ಟಿಗೆ, ಚಿಲಕವಿರುವ ಮುಚ್ಚಳ ಸಾಕು. ಹೆದರಿಸಲು ಹುಲಿಗೊಂಬೆ ಇಡೋದು ಬೇಡ, ಮಂಗಗಳಿಗೆ ಅದು ಬೇಗ ಅಭ್ಯಾಸವಾಗುತ್ತದೆ.